ಅರ್ಧ ಕೆಲಸ ಆಯಿತು ಅಂದರೆ ಎಷ್ಟು ಆಯಿತು?

"ಟೀಚರೇ, ಅರ್ಧ ಕೆಲಸ ಮುಗಿಯಿತು! ಖರ್ಚಾದದ್ದು ಬರೀ ಎರಡು ಸಾವಿರ!"

ನಮ್ಮ ಶಾಲೆಯ ವಿಜ್ಞಾನ ಕ್ಲಬ್ಬಿನ ಮಕ್ಕಳು ಎರಡನೇ ವಾರದ ಕೊನೆಗೆ ಓಡಿಬಂದು ಹೀಗೆ ಹೇಳಿದ್ದರು. ಶಾಲೆಯ ಹೆಂಚಿನ ಮಾಡಿನಿಂದ ಬೀಳುವ ಮಳೆನೀರನ್ನು ಸೋಸಿ ಬಾವಿಗೆ ಬಿಡುವ ಕೆಲಸ ಅದು. ನಮ್ಮ ಕಾಸರಗೋಡಿನಲ್ಲಿ ಮಳೆಗೇನೂ ಬರವಿಲ್ಲ, ಆದರೂ ಏಪ್ರಿಲಿನಲ್ಲಿ ಬಾವಿಯ ತಳ ಕಾಣುತ್ತದೆ. ರಕ್ಷಕ ಶಿಕ್ಷಕ ಸಂಘ 30,000 ರೂಪಾಯಿ ಕೊಟ್ಟಿತ್ತು, ಸಮಯ ಹತ್ತು ವಾರ, ಪಟ್ಟಿಯಲ್ಲಿ ಹತ್ತು ಕೆಲಸ. ಎರಡು ವಾರದಲ್ಲಿ ಐದು ಕೆಲಸ ಮುಗಿದಿತ್ತು. ಹಾಗಾಗಿ ಅರ್ಧ. ಲೆಕ್ಕ ತಪ್ಪಿಲ್ಲ, ಅಲ್ಲವಾ?

ಲೆಕ್ಕ ತಪ್ಪಿರಲಿಲ್ಲ, ಆದರೆ ಅಳತೆಗೋಲು ತಪ್ಪಿತ್ತು. ಶಾಲೆಯ ಪ್ರಾಜೆಕ್ಟಿನ ಖರ್ಚನ್ನು ಗ್ರಾಫಿನಲ್ಲಿ ಬಿಡಿಸಿ ನೋಟೀಸು ಬೋರ್ಡಿಗೆ ಹಾಕುವ ಪದ್ಧತಿ ಈಗ ಹಲವು ಕಡೆ ಇದೆ, ಸಂತೋಷ. ಆದರೆ ಖರ್ಚಿನ ಗೆರೆ ಒಂದನ್ನೇ ಹಾಕಿದರೆ ಅದು ಏನನ್ನೂ ಹೇಳುವುದಿಲ್ಲ. ಪಕ್ಕದಲ್ಲಿ ಕೆಲಸದ ಗೆರೆ ಬೇಕು, ಆ ಗೆರೆಯನ್ನು ಕೆಲಸಗಳ ಎಣಿಕೆಯಿಂದ ಬಿಡಿಸಬಾರದು ಎಂಬುದು ನನ್ನ ವಾದ. "ಮಕ್ಕಳಿಗೆ ಇಷ್ಟೆಲ್ಲ ಯಾಕೆ, ಎಣಿಕೆ ಸಾಕು" ಎಂದು ನನ್ನ ಜೊತೆಯ ಮಾಷ್ಟ್ರೊಬ್ಬರು ಹೇಳುತ್ತಾರೆ. ಅವರೊಡನೆ ನನ್ನ ಜಗಳ ಇನ್ನೂ ಮುಗಿದಿಲ್ಲ.

ಆ ಹತ್ತು ಕೆಲಸಗಳನ್ನು ನೋಡಿ. ಮಾಡನ್ನು ಅಳೆದು ನಕ್ಷೆ ಮಾಡುವುದು, ಬಾವಿಯ ನೀರಿನ ಮಟ್ಟ ಅಳೆಯಲು ಗುರುತು ಹಾಕಿದ ಹಗ್ಗ, ಅಂಗಡಿಗಳಲ್ಲಿ ದರ ಕೇಳಿ ಬರುವುದು, ಭಿತ್ತಿಪತ್ರ, ಮಾಡು ತೊಳೆಯುವುದು: ಈ ಐದಕ್ಕೂ ಸೇರಿ ನಾವು ಇಟ್ಟದ್ದು 2,000 ರೂಪಾಯಿ. ಉಳಿದ ಐದರಲ್ಲಿ ದಂಬೆ ಕಟ್ಟುವುದಕ್ಕೆ 9,000, ಪೈಪು ಜೋಡಿಸಲು 6,000, ಕೆಂಪುಕಲ್ಲಿನ ಸೋಸುತೊಟ್ಟಿಗೆ 9,000, ಅದಕ್ಕೆ ಜಲ್ಲಿ, ಇದ್ದಿಲು, ಹೊಯಿಗೆ ತುಂಬಲು 3,000, ಕೊನೆಗೆ ಪರೀಕ್ಷೆ ಮತ್ತು ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡುವ ವಾಲ್ವಿಗೆ 1,000. ಭಿತ್ತಿಪತ್ರವೂ ಒಂದು ಕೆಲಸ, ತೊಟ್ಟಿಯೂ ಒಂದು ಕೆಲಸ. ಎಣಿಸುವಾಗ ಎರಡೂ ಸಮ. ಆದರೆ ಭಿತ್ತಿಪತ್ರಕ್ಕೆ ಒಂದು ಮಧ್ಯಾಹ್ನ ಸಾಕು, ತೊಟ್ಟಿಗೆ ಮೇಸ್ತ್ರಿ ಬೇಕು, ಕಲ್ಲು ಬೇಕು, ಮೂರು ವಾರ ಬೇಕು.

ಹಾಗಾದರೆ ಕೆಲಸವನ್ನು ತೂಗುವುದು ಹೇಗೆ? ಒಂದು ಸರಳ ದಾರಿ ಉಂಟು. ಪ್ರತಿ ಕೆಲಸಕ್ಕೂ ಶುರುವಿನಲ್ಲಿ ಇಟ್ಟ ಹಣವೇ ಅದರ ತೂಕ. ದಂಬೆಯ ಕೆಲಸ ಮುಗಿದರೆ 9,000 ರೂಪಾಯಿಯ ಕೆಲಸ ಆಯಿತು ಎಂದು ಬರೆಯುವುದು. ನಿಜವಾಗಿ ಅದಕ್ಕೆ ಎಷ್ಟು ಖರ್ಚಾಯಿತು ಎಂಬುದು ಬೇರೆ ಲೆಕ್ಕ, ಅದು ಖರ್ಚಿನ ಗೆರೆಗೆ ಹೋಗುತ್ತದೆ. ಇವೆರಡನ್ನು ಬೆರೆಸಿದಿರೋ, ಎಲ್ಲ ಕೆಟ್ಟಿತು. ಈ ತೂಕದಲ್ಲಿ ಎರಡನೇ ವಾರದ ಕೊನೆಗೆ ಆದದ್ದು 30,000ದಲ್ಲಿ 2,000, ಅಂದರೆ ಶೇ. 7ಕ್ಕೂ ಕಡಿಮೆ. ಐವತ್ತಲ್ಲ!

ಗ್ರಾಫು ಹಾಳೆಯಲ್ಲಿ ಅಡ್ಡಕ್ಕೆ ವಾರ, ನೆಟ್ಟಗೆ ಶೇಕಡಾ. ಆಯಾ ವಾರದ ಖರ್ಚನ್ನು ಹಿಂದಿನದಕ್ಕೆ ಕೂಡಿಸಿ, 30,000ಕ್ಕೆ ಅದು ಶೇಕಡಾ ಎಷ್ಟು ಎಂದು ಕೆಂಪು ಚುಕ್ಕೆ ಇಡಿ. ಮುಗಿದ ಕೆಲಸದ ತೂಕಕ್ಕೆ ನೀಲಿ ಚುಕ್ಕೆ. ಎರಡಕ್ಕೂ ಅಳತೆ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಕೆಂಪು ಗೆರೆಯ ಏರಿಕೆಯೇ ಖರ್ಚಿನ ವೇಗ, ವಾರಕ್ಕೆ ಎಷ್ಟು ರೂಪಾಯಿ ಕರಗುತ್ತಿದೆ ಎಂಬುದು.

ಈಗ ನಮ್ಮ ಐದನೇ ವಾರಕ್ಕೆ ಬನ್ನಿ. ಒಟ್ಟು ಖರ್ಚು 15,000, ಅಂದರೆ ವಾರಕ್ಕೆ ಸರಾಸರಿ 3,000. ಉಳಿದದ್ದು 15,000, ಉಳಿದ ವಾರ ಐದು. ಕೆಂಪು ಗೆರೆ ಒಂದನ್ನೇ ನೋಡಿದರೆ ಎಷ್ಟು ಚಂದ! ಹಣ ಸರಿಯಾಗಿ ಹತ್ತನೇ ವಾರಕ್ಕೆ ಮುಗಿಯುತ್ತದೆ. ಕೆಲಸಗಳನ್ನು ಎಣಿಸಿದರೆ ಇನ್ನೂ ಚಂದ, ಅಷ್ಟು ಹೊತ್ತಿಗೆ ದಂಬೆಯೂ ಸೇರಿ ಹತ್ತರಲ್ಲಿ ಆರು ಮುಗಿದಿತ್ತು. ಶೇ. 50 ಹಣದಲ್ಲಿ ಶೇ. 60 ಕೆಲಸ. ಆದರೆ ನೀಲಿ ಗೆರೆ 11,000ದಲ್ಲಿ, ಅಂದರೆ ಸುಮಾರು ಶೇ. 37ರಲ್ಲಿ ನಿಂತಿತ್ತು. ಯೋಜನೆಯ ಪ್ರಕಾರ ಆ ಹೊತ್ತಿಗೆ ಪೈಪೂ ಜೋಡಿಸಿ ಆಗಬೇಕಿತ್ತು, ಅಂದರೆ 17,000ದ ಕೆಲಸ. ಸಮಯದಲ್ಲೂ ಹಿಂದೆ, ಹಣದಲ್ಲೂ ಹಿಂದೆ.

"15,000 ಕೊಟ್ಟು 11,000ದ ಕೆಲಸ ಆಗಿದೆ. ಹೀಗೇ ಹೋದರೆ ಒಟ್ಟು ಎಷ್ಟು ಬೇಕು?" ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಕೇಳಿದೆ. ಅವಳು ತ್ರೈರಾಶಿ ಮಾಡಿದಳು: 30,000 × 15,000 ÷ 11,000. ಉತ್ತರ 40,909. ಅವಳ ಮುಖ ಸಣ್ಣದಾಯಿತು. ಹನ್ನೊಂದು ಸಾವಿರ ಎಲ್ಲಿಂದ ತರುವುದು?

ಇಲ್ಲಿ ಅವಸರ ಮಾಡಬಾರದು. ಎರಡು ಗೆರೆಗಳ ನಡುವಿನ ಅಂತರ ಒಂದು ಪ್ರಶ್ನೆ, ಉತ್ತರ ಅಲ್ಲ. ನಾವು ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿದೆವು. 4,000ದ ಆ ಅಂತರದಲ್ಲಿ ಎರಡು ಬೇರೆಬೇರೆ ಸಂಗತಿ ಇತ್ತು. ದಂಬೆಗೆ ನಾವಿಟ್ಟದ್ದು 9,000, ಆದದ್ದು 10,000. ಪಕ್ಕಾಸಿನ ತುದಿಗಳಿಗೆ ಗೆದ್ದಲು ಹಿಡಿದಿತ್ತು, ಗೋಡೆಯಿಂದಲೇ ಕಬ್ಬಿಣದ ಕ್ಲಾಂಪು ಕೊಡಬೇಕಾಯಿತು. ಆ ಸಾವಿರ ನಿಜವಾಗಿ ಹೆಚ್ಚಾದದ್ದು, ಅದು ಹಿಂದೆ ಬರುವುದಿಲ್ಲ. ಉಳಿದ 3,000 ಐದನೇ ವಾರ ತಂದ ಪೈಪುಗಳದ್ದು. ಅವು ಜಗಲಿಯಲ್ಲಿ ಮಲಗಿದ್ದವು. ಹಣ ಹೋಗಿದೆ, ಕೆಲಸ ಆಗಿಲ್ಲ, ಆದರೆ ಹಣ ಹಾಳೂ ಆಗಿಲ್ಲ. ಪೈಪು ಜೋಡಿಸಿದ ದಿನ ನೀಲಿ ಗೆರೆ ಆ ಮೂರು ಸಾವಿರವನ್ನು ಹಿಡಿದೇ ಹಿಡಿಯುತ್ತದೆ. ಮೂರನೇ ವಾರವೂ ಹೀಗೇ ಆಗಿತ್ತು. ದಂಬೆಯವನಿಗೆ 3,000 ಮುಂಗಡ ಕೊಟ್ಟಾಗ ಕೆಂಪು ಜಿಗಿದಿತ್ತು, ನೀಲಿ ಅಲ್ಲೇ ಇತ್ತು. ಮುಂದಿನ ವಾರ ಅಂತರ ಬಹುಮಟ್ಟಿಗೆ ಮುಚ್ಚಿತು.

ಪೈಪಿನ ಹಣ ಬಿಟ್ಟು ಲೆಕ್ಕ ಹಾಕಿದರೆ 11,000ದ ಕೆಲಸಕ್ಕೆ ಆದದ್ದು 12,000. ಅದೇ ತ್ರೈರಾಶಿಯಲ್ಲಿ ಒಟ್ಟು ಸುಮಾರು 32,700 ಬರುತ್ತದೆ. ಗೆದ್ದಲಿನ ತೊಂದರೆ ಮಾಡಿಗೆ ಮಾತ್ರ, ಮುಂದೆ ಎಲ್ಲ ಅಂದುಕೊಂಡ ಹಾಗೇ ನಡೆಯುತ್ತದೆ ಎಂದು ನಂಬಿದರೆ 31,000. ಮೂರು ಉತ್ತರ! ಯಾವುದು ಸರಿ ಎಂದು ಗ್ರಾಫು ಹೇಳುವುದಿಲ್ಲ, ಬಿಲ್ಲು ಓದಿದವರು ಹೇಳಬೇಕು. ನಾನು 32,700ನ್ನು ಹಿಡಿದೆ. ಹಳೆಯ ಕಟ್ಟಡದಲ್ಲಿ ಒಂದು ಕಡೆ ಗೆದ್ದಲು ಸಿಕ್ಕಿದರೆ ಬೇರೆ ಕಡೆ ಇನ್ನೇನಾದರೂ ಸಿಕ್ಕೇ ಸಿಗುತ್ತದೆ. ಆರನೇ ವಾರದಲ್ಲೇ ಸಂಘದವರಿಗೆ ತಿಳಿಸಿದ್ದರಿಂದ ಅವರು 2,500 ಬೇರೆ ತೆಗೆದಿಟ್ಟರು. ಅದೇ ಮಾತನ್ನು ಹತ್ತನೇ ವಾರ, ತೊಟ್ಟಿ ಅರ್ಧಕ್ಕೆ ನಿಂತ ಮೇಲೆ ಹೇಳಿದ್ದರೆ ಏನಾಗುತ್ತಿತ್ತೋ.

ದೊಡ್ಡವರು ಇದರಲ್ಲಿ ಜಾಣರು ಎಂದೇನೂ ತಿಳಿಯಬೇಡಿ. ಖರ್ಚನ್ನು ಮುಗಿದ ಕೆಲಸದ ಬೆಲೆಯೊಡನೆ ಹೋಲಿಸಬೇಕೆಂಬ ನಿಯಮಗಳನ್ನು ಅಮೆರಿಕದ ರಕ್ಷಣಾ ಇಲಾಖೆ 1967ರಲ್ಲೇ ತಂದಿತ್ತು. ಆದರೂ ಅವರ ನೌಕಾಪಡೆಯ ಎ-12 ಯುದ್ಧವಿಮಾನದ ಕಥೆ ನೋಡಿ. 1990ರ ಏಪ್ರಿಲಿನಲ್ಲಿ ಎಲ್ಲ ಸರಿಯಾಗಿದೆ ಎಂದು ಅಲ್ಲಿನ ಸಂಸತ್ತಿಗೆ ಹೇಳಲಾಯಿತು. ಜೂನಿನಲ್ಲಿ ವಿಮಾನ ಕಟ್ಟುವ ಕಂಪೆನಿಗಳೇ ಒಪ್ಪಿದ ಹಣದಲ್ಲಿ, ಒಪ್ಪಿದ ಸಮಯದಲ್ಲಿ ಆಗದು ಎಂದವು. 1991ರ ಜನವರಿಯಲ್ಲಿ ಯೋಜನೆಯೇ ರದ್ದಾಯಿತು, ಒಂದು ವಿಮಾನವೂ ಹಾರಲಿಲ್ಲ. ಅಂತರ ದೊಡ್ಡದಾಗುತ್ತಿರುವುದು ವೆಚ್ಚದ ವರದಿಗಳಲ್ಲಿ ಮೊದಲೇ ಕಾಣುತ್ತಿತ್ತು. ಮೇಲಕ್ಕೆ ಹೋದದ್ದು ಮಾತ್ರ ಎಲ್ಲರಿಗೂ ಹಿತವಾದ ಅಂದಾಜು. ನಮ್ಮ 31,000ದ ಹಾಗೆ!

ನೀಲಿ ಗೆರೆಗೆ ಇನ್ನೊಂದು ರೋಗ ಉಂಟು. ಎಂಟನೇ ವಾರ ತೊಟ್ಟಿ ಎಷ್ಟಾಯಿತು ಎಂದು ಕೇಳಿದೆ. "ಮುಕ್ಕಾಲು ಆಯಿತು ಟೀಚರೇ." ಒಂಬತ್ತನೇ ವಾರ ಕೇಳಿದೆ. "ಮುಕ್ಕಾಲು." ಮಕ್ಕಳು ಸುಳ್ಳು ಹೇಳಲಿಲ್ಲ. ಗೋಡೆ ಎದ್ದಿತ್ತು, ಕಣ್ಣಿಗೆ ಮುಕ್ಕಾಲು ಕಾಣುತ್ತಿತ್ತು. ಆದರೆ ನೀರು ಹೋಗುವ ತೂತನ್ನು ಮೇಸ್ತ್ರಿ ಅಂಗೈಯಗಲ ಮೇಲೆ ಬಿಟ್ಟಿದ್ದರು, ಒಂದು ಸಾಲು ಕಲ್ಲು ತೆಗೆಯಬೇಕಾಯಿತು. ಅದಕ್ಕೇ ನಮ್ಮ ಕ್ಲಬ್ಬಿನ ನಿಯಮ: ಮುಗಿದು ನೋಡಿ ಆದ ಮೇಲೆ ಪೂರ್ತಿ ತೂಕ, ಅಲ್ಲಿಯವರೆಗೆ ಸೊನ್ನೆ. ಕೆಲವರು ಶುರುವಾದಾಗ ಅರ್ಧ, ಮುಗಿದಾಗ ಇನ್ನರ್ಧ ಎಂದು ಬರೆಯುತ್ತಾರೆ. ಸಣ್ಣ ಕೆಲಸಗಳಿಗೆ ಅದು ನಡೆಯುತ್ತದೆ, 9,000ದ ತೊಟ್ಟಿಗೆ ನಡೆಯುವುದಿಲ್ಲ. ಪಾಯ ಅಗೆದ ದಿನವೇ 4,500 ಬರೆದುಬಿಟ್ಟರೆ ಎಂಥ ಗ್ರಾಫು! ಇದಕ್ಕಿಂತ ತೊಟ್ಟಿಯನ್ನು ಪಾಯ, ಗೋಡೆ, ಗಾರೆ ಎಂದು ಮೂರು ಕೆಲಸವಾಗಿ ಒಡೆಯುವುದು ಒಳ್ಳೆಯದಿತ್ತು. ಅದು ನನಗೆ ಆಮೇಲೆ ಹೊಳೆದದ್ದು.

ನನ್ನ ಮಾಷ್ಟ್ರು ಗೆಳೆಯರು ಈ ಪದ್ಧತಿಯಲ್ಲೂ ಒಂದು ಹುಳುಕು ತೋರಿಸಿದರು, ಅದನ್ನು ಒಪ್ಪಲೇಬೇಕು. ಹಣವೇ ತೂಕ ಆದರೆ ಹಣ ಬೇಡದ ಕೆಲಸದ ಗತಿ ಏನು? ಮಾಡು ತೊಳೆಯಲು ಮಕ್ಕಳು ಎರಡು ಶನಿವಾರ ದುಡಿದರು, ಗ್ರಾಫಿನಲ್ಲಿ ಅದಕ್ಕೆ 500 ರೂಪಾಯಿಯ ತೂಕ. ಕೂಲಿ ಕೊಟ್ಟು ಮಾಡಿಸಿದ್ದರೆ ಅದರ ತೂಕ ಎಷ್ಟೋ ಪಟ್ಟು ಆಗುತ್ತಿತ್ತು. ಸಂಬಳವಿಲ್ಲದ ಕೈಗಳು ಹೆಚ್ಚು ಇರುವ ಕಡೆ ಹಣದ ಬದಲು ದುಡಿದ ಗಂಟೆಯನ್ನು ತೂಕವಾಗಿ ಇಡುವುದೇ ಸರಿ.

ಪೈಪು ಏಳನೇ ವಾರಕ್ಕೆ, ತೊಟ್ಟಿ ಹತ್ತನೇ ವಾರಕ್ಕೆ ಮುಗಿಯಿತು. ಜಲ್ಲಿ, ಇದ್ದಿಲು, ಹೊಯಿಗೆ ತುಂಬಿದ್ದು ಹನ್ನೊಂದರಲ್ಲಿ. ಆ ದಿನ ನೀಲಿ ಗೆರೆ ಶೇ. 97ರ ಹತ್ತಿರ ಇತ್ತು, ಆದರೂ ಒಂದು ಹನಿ ನೀರನ್ನು ಬಾವಿಗೆ ಬಿಡುವ ಹಾಗಿರಲಿಲ್ಲ. ವಾಲ್ವು ಕೂತಿರಲಿಲ್ಲ, ಮಾಡಿನ ಧೂಳು, ಹಕ್ಕಿಯ ಹಿಕ್ಕೆ ಎಲ್ಲ ಸೀದಾ ತೊಟ್ಟಿಗೆ ಹೋಗುತ್ತಿತ್ತು. ವಾರ್ಷಿಕ ಪರೀಕ್ಷೆಯ ನಡುವೆ, ಹನ್ನೆರಡನೇ ವಾರ ಅದನ್ನು ಕೂರಿಸಿ ಕೊಡದಲ್ಲಿ ನೀರು ಸುರಿದು ನೋಡಿದೆವು. ಒಟ್ಟು ಖರ್ಚು 31,800. ಸಂಘಕ್ಕೆ 700 ರೂಪಾಯಿ ವಾಪಸು ಕೊಟ್ಟ ಚೀಟಿಯನ್ನು ಮಕ್ಕಳು ಗ್ರಾಫಿನ ಕೆಳಗೆ ಅಂಟಿಸಿದ್ದಾರೆ.