ಬೆಳೆದ ಮಗಳನ್ನು ಯಾರು ಕೇಳಿದರು?

1955ರ ಹಿಂದೂ ವಿವಾಹ ಕಾಯ್ದೆ ತಾನು ಯಾರಿಗೆ ಅನ್ವಯಿಸುತ್ತದೆ ಎಂದು ಹೇಳುವಲ್ಲಿ ವೀರಶೈವ, ಲಿಂಗಾಯತ ಎಂದು ಹೆಸರಿಸಿಯೇ ಹೇಳಿದೆ. ನಮ್ಮ ಮನೆಗಳ ವಿಚ್ಛೇದನವೂ ಅದರಡಿಯೇ ನಡೆಯುತ್ತದೆ. ಮಕ್ಕಳು ಚಿಕ್ಕವರಿದ್ದರೆ ಅವರು ಯಾರ ಬಳಿ ಇರಬೇಕು, ಓದಿನ ಖರ್ಚು ಯಾರದು ಎಂಬುದನ್ನು 26ನೇ ಕಲಮಿನಡಿ ನ್ಯಾಯಾಲಯ ನೋಡುತ್ತದೆ. ಸಾಧ್ಯವಿದ್ದಲ್ಲಿ ಮಕ್ಕಳ ಇಷ್ಟವನ್ನೂ ಗಮನಿಸುತ್ತದೆ. ಹದಿನೆಂಟು ದಾಟಿದವರಿಗೆ ಈ ವಿಚಾರಣೆ ಇಲ್ಲ. ಕಾನೂನಿಗೆ ಅದು ಸರಿ. ಆದರೆ ಬಂಧುಗಳೂ ಹಾಗೆಯೇ ಕೈತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ನನಗೆ ಚೆನ್ನಾಗಿ ಗೊತ್ತಿರುವ ಒಂದು ಮನೆಯ ಮಾತು ಹೇಳುತ್ತೇನೆ. ಮಗಳಿಗೆ ಇಪ್ಪತ್ತೇಳು ವರ್ಷ, ರಾಯಚೂರಿನಲ್ಲಿ ನೌಕರಿ. ಇಬ್ಬರೂ ಒಪ್ಪಿ ಬೇರೆಯಾದ ಮೇಲೆ ತಂದೆ ಮಾನ್ವಿಯಲ್ಲಿ ಉಳಿದರು, ತಾಯಿ ದೇವದುರ್ಗದ ತವರಿಗೆ ಹೋದರು. ಎರಡೂ ಕಡೆಯ ಹಿರಿಯರದು ಒಂದೇ ಮಾತು: “ನೀ ಓದಿದಾಕಿ, ದೊಡ್ಡಾಕಿ ಇದ್ದಿ. ನೀನೇ ತಿಳಕೊಂಡು ಹೋಗಬೇಕು.”

ತಿಳಕೊಂಡು ಹೋಗುವುದೆಂದರೆ ಏನು? ಒಂದು ಭಾನುವಾರ ಮಾನ್ವಿ ಬಸ್ಸು, ಮುಂದಿನ ಭಾನುವಾರ ದೇವದುರ್ಗದ ಬಸ್ಸು. ಒಡವೆ ಯಾರಿಗೆ, ಹೊಲದ ಪಹಣಿಯಲ್ಲಿ ಯಾರ ಹೆಸರು ಎಂಬ ಮಾತನ್ನು ಅತ್ತಿಂದಿತ್ತ ಒಯ್ಯುವುದು. ಅಪ್ಪನ ಮೇಲಿನ ದೂರನ್ನು ಅವ್ವನಿಂದ, ಅವ್ವನ ಮೇಲಿನ ದೂರನ್ನು ಅಪ್ಪನಿಂದ ಕೇಳಿ ಸುಮ್ಮನಿರುವುದು. ಸಣ್ಣ ಮಕ್ಕಳ ಎದುರು ಆಡಲು ನಾಚುವ ಮಾತನ್ನು ದೊಡ್ಡವರಾದ ಮಕ್ಕಳ ಎದುರು ಆಡಬಹುದು ಎಂದುಕೊಂಡಿದ್ದೇವೆ.

ಒಮ್ಮೆ ಆಕೆ ಕೇಳಿದಳು: “ಕಾಕಾ, ಈ ಮನಿಯಾಗ ಒಂದಿನಾನೂ ಸುಖ ಇರಲಿಲ್ಲ, ನಿನ್ನ ಸಲುವಾಗಿ ತಡಕೊಂಡೆ ಅಂತಾಳ ಅವ್ವ. ಹಂಗಾದ್ರ ನಾ ನಕ್ಕೊಂತ ಬೆಳೆದ ಮನಿ ಯಾವುದು?”

ಪೆಟ್ಟು ಬಿದ್ದದ್ದು ಅಲ್ಲಿ. ಸಣ್ಣ ಮಗುವಿಗೆ ನಾಳೆ ತನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಭಯ. ಬೆಳೆದವರಿಗೆ ಕಳೆದುಹೋದ ವರ್ಷಗಳೇ ಅನುಮಾನಕ್ಕೆ ಬೀಳುತ್ತವೆ. ಮೇಲಾಗಿ “ನಿನ್ನ ಸಲುವಾಗಿ” ಎಂಬ ಮಾತನ್ನು ತಾಯಿ ಪ್ರೀತಿಯಿಂದ ಆಡಿರುತ್ತಾಳೆ, ಮಗಳು ಅದನ್ನು ತೀರದ ಸಾಲವೆಂದು ಕೇಳಿಸಿಕೊಳ್ಳುತ್ತಾಳೆ.

ಆಕೆ ಅಳಲಿಲ್ಲ, ಕಚೇರಿ ತಪ್ಪಿಸಲಿಲ್ಲ. ಅದಕ್ಕೇ ಎಲ್ಲರೂ ಹೊಗಳಿದರು. ಫೋನ್ ಬಡಿದರೆ ಎದೆ ಹೊಡೆದುಕೊಳ್ಳುವುದು, ಸರಿರಾತ್ರಿಯವರೆಗೆ ನಿದ್ದೆ ಬಾರದಿರುವುದು, ವರ ನೋಡುವ ಮಾತೆತ್ತಿದರೆ ಎದ್ದು ಹೋಗುವುದು ಯಾರ ಕಣ್ಣಿಗೂ ಬೀಳಲಿಲ್ಲ. ಇಂಥದ್ದು ವಾರಗಟ್ಟಲೆ ನಡೆದರೆ ಧೈರ್ಯ ಹೇಳಿದರಷ್ಟೇ ಸಾಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತಾಡಬಹುದು. ಈಕೆ ಮೊದಲು ಕರೆ ಮಾಡಿದ್ದು ಅಲ್ಲಿಗೆ, ಮನೆಯವರಿಗೆ ಹೇಳದೆ.

ಆಮೇಲೆ ಆಕೆ ಒಂದೇ ಒಂದು ಬದಲಾವಣೆ ಮಾಡಿಕೊಂಡಳು. ಒಡವೆ, ಹೊಲದ ಮಾತು ಬಂದರೆ “ವಕೀಲರಿಗೆ ಹೇಳ್ರಿ” ಎನ್ನುತ್ತಾಳೆ. ತಂದೆ ಎರಡು ತಿಂಗಳು ಮುನಿಸಿಕೊಂಡರು. ಈಗ ಫೋನ್ ಮಾಡಿದಾಗ ಊಟ ಆಯಿತೇ ಎಂದು ಕೇಳುತ್ತಾರೆ.

ಮಠಗಳಲ್ಲಿ, ಮನೆಗಳಲ್ಲಿ ಇಂಥ ಪಂಚಾಯಿತಿಗೆ ಕೂಡುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಬೆಳೆದ ಮಕ್ಕಳನ್ನು ಸಾಕ್ಷಿಗೆ ಕರೆಯಬೇಡಿ, ರಾಯಭಾರಕ್ಕೂ ಕಳಿಸಬೇಡಿ. ಸಭೆ ಮುಗಿದ ಮೇಲೆ ಯಾರಾದರೊಬ್ಬರು ಅವರನ್ನು ಪಕ್ಕಕ್ಕೆ ಕರೆದು, “ನಿನಗೆ ಹೆಂಗಾಗೈತಿ?” ಎಂದು ಕೇಳಿ, ಉತ್ತರ ಬರುವವರೆಗೆ ಕೂಡಿರಿ.