ಲೈನ್ ಸರಿಯಿದೆ, ಬಾಗಿಲು ಮುಚ್ಚಿದೆ: ಇಂಟರ್ನೆಟ್ ಕಂಪನಿಗೆ ನಮ್ಮ ಶಾಲೆಯ ಪತ್ರ

ಮಾನ್ಯರೇ,

ತಿಪಟೂರು–ತುರುವೇಕೆರೆ ನಡುವಿನ ನಮ್ಮ ಸಣ್ಣ ಪ್ರೌಢಶಾಲೆಗೆ ನಿಮ್ಮ ಕೇಬಲ್ ತೆಂಗಿನ ತೋಟಗಳನ್ನು ದಾಟಿಕೊಂಡು ಬರುತ್ತದೆ. ಗರಿ ಬಿದ್ದು ಕೇಬಲ್ ತುಂಡಾದರೆ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ನಿಮ್ಮ ಹುಡುಗರು ಏಣಿ ಹೊತ್ತು ಬಂದು ಜೋಡಿಸುತ್ತಾರೆ. ಈ ಸಲದ ತೊಂದರೆ ಅದಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮಕ್ಕಳ ವಿವರವನ್ನು ಶಾಲೆಯೇ ಆನ್‌ಲೈನ್‌ನಲ್ಲಿ ತುಂಬಬೇಕು. ನಾವು ಲಾಗಿನ್ ಆದೆವು, ಹೆಸರುಗಳನ್ನೂ ತುಂಬಿದೆವು. ಫೋಟೊ ಹಾಕುವ ಪುಟ ಒತ್ತಿದರೆ ಮಾತ್ರ ಚಕ್ರ ತಿರುಗಿ ತಿರುಗಿ `ERR_CONNECTION_TIMED_OUT` ಎಂದು ಬಂತು. ನಿಮಗೆ ಫೋನ್ ಮಾಡಿದರೆ, "ಸ್ಪೀಡ್ ಚೆನ್ನಾಗಿದೆ ಸಾರ್, ತೊಂದರೆ ವೆಬ್‌ಸೈಟಿನದು" ಎಂದಿರಿ.

ಆಗ ನಾವು ವಿಳಾಸದ ಸಾಲನ್ನು ಸರಿಯಾಗಿ ನೋಡಿದೆವು. ಆ ಪುಟದ ವಿಳಾಸದಲ್ಲಿ ಮಾತ್ರ `:8443` ಎಂದಿತ್ತು. ಸರ್ವರ್ ಒಂದು ದೊಡ್ಡ ಮಂಡಿ ಎಂದುಕೊಂಡರೆ, ಪೋರ್ಟ್ ಎಂದರೆ ನಂಬರ್ ಬರೆದಿರುವ ಅದರ ಬಾಗಿಲು. ಸಾಮಾನ್ಯ ಸುರಕ್ಷಿತ ಪುಟಗಳು 443ನೇ ಬಾಗಿಲಲ್ಲಿ ಬರುತ್ತವೆ. ಫೋಟೊ ಪುಟ 8443ರಲ್ಲಿತ್ತು. ವಿಂಡೋಸ್ ಪವರ್‌ಶೆಲ್‌ನಲ್ಲಿ, `example.in` ಜಾಗದಲ್ಲಿ ಅರ್ಜಿಯ ವಿಳಾಸ ಹಾಕಿ ಹೀಗೆ ಪರೀಕ್ಷಿಸಿದೆವು:

```
Test-NetConnection example.in -Port 8443
```

ನಿಮ್ಮ ಲೈನಿನಲ್ಲಿ `TcpTestSucceeded : False` ಬಂತು. ಅದೇ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿದರೆ `True`. ನಿಮ್ಮ ಲೈನಿನಲ್ಲೇ 443 ಹಾಕಿದರೂ `True`. ಮೊಬೈಲಿನಲ್ಲೂ `False` ಬಂದಿದ್ದರೆ ತಪ್ಪು ವೆಬ್‌ಸೈಟಿನದೆಂದು ನಾವೂ ಒಪ್ಪುತ್ತಿದ್ದೆವು. ಶಾಲೆಯ ರೂಟರ್‌ನ ಫೈರ್‌ವಾಲ್ ತೆಗೆದು ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ಅಂದರೆ ತಡೆ ಇರುವುದು ನಿಮ್ಮ ಕಡೆ. ಸ್ಪೀಡ್ ಟೆಸ್ಟ್ ರಸ್ತೆಯ ಅಗಲ ಹೇಳುತ್ತದೆ, ಬಾಗಿಲು ತೆರೆದಿದೆಯೇ ಎಂದು ಹೇಳುವುದಿಲ್ಲ.

ಶಾಲೆಯಲ್ಲಿ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲ. ಹಾಟ್‌ಸ್ಪಾಟ್‌ನಲ್ಲಿ ನಾಲ್ಕು ಫೋಟೊ ಹೋಗುವಷ್ಟರಲ್ಲಿ ಲಾಗಿನ್ ಮುಗಿಯುತ್ತಿತ್ತು. ಕೊನೆಗೆ ನಮ್ಮ ಮೇಷ್ಟ್ರೊಬ್ಬರು ಮಕ್ಕಳ ಫೋಟೊ, ಹುಟ್ಟಿದ ದಿನಾಂಕ, ಶಾಲೆಯ ಪಾಸ್‌ವರ್ಡ್ ಎಲ್ಲ ಹಿಡಿದು ತಿಪಟೂರಿನ ಸೈಬರ್ ಅಂಗಡಿಗೆ ಹೋಗಬೇಕಾಯಿತು. ಆ ವಿವರಗಳು ಯಾರದೋ ಕಂಪ್ಯೂಟರಿನಲ್ಲಿ ಉಳಿದವೋ ಏನೋ ಎಂಬ ಚಿಂತೆ ನಮಗಿದೆ. ಕೊನೆಯ ದಿನ ತಪ್ಪಿದ್ದರೆ ದಂಡ ಕಟ್ಟಬೇಕಾದವರು ಕೊಬ್ಬರಿ ಸುಲಿದು ಕೂಲಿ ತರುವ ತಾಯಂದಿರು.

ಎಲ್ಲ ಬಾಗಿಲನ್ನೂ ತೆರೆಯಿರಿ ಎಂದು ನಾವು ಕೇಳುತ್ತಿಲ್ಲ. ಕಸದ ಮೇಲ್ ತಡೆಯಲು 25ನೇ ಪೋರ್ಟ್ ಮುಚ್ಚುವುದು ಬಹಳ ಕಡೆ ಇರುವ ರೂಢಿ, ಅದಕ್ಕೆ ಕಾರಣವೂ ಇದೆ. ನಾವು ಕೇಳುವುದು ಮೂರೇ: ಶಾಲೆಯಿಂದ ಹೊರಹೋಗುವ ಟಿಸಿಪಿ 8443 ತೆರೆಯಿರಿ. ಯಾವ ಪೋರ್ಟ್‌ಗಳನ್ನು ಏಕೆ ಮುಚ್ಚಿದ್ದೀರಿ ಎಂದು ಬರೆದು ಕೊಡಿ. ಇಂಥ ದೂರು ಬಂದರೆ ದೂರು ಸಂಖ್ಯೆ ಕೊಟ್ಟು, ಸ್ಪೀಡ್ ಜೊತೆಗೆ ಪೋರ್ಟನ್ನೂ ಪರೀಕ್ಷಿಸಿ.

ತಿಂಗಳ ಬಾಡಿಗೆ ನಾವು ಪೂರ್ತಿ ಕಟ್ಟುತ್ತೇವೆ. ಅರ್ಧ ಅರ್ಜಿಗೆ ಮಾತ್ರ ದಾರಿ ಬಿಟ್ಟರೆ ಅದು ಪೂರ್ತಿ ಸೇವೆಯಲ್ಲ.

ಇಂತಿ,
ಶಾಲೆಯ ಶಿಕ್ಷಕರು