ಕಾಮಾಲೆಗೆ ಮೊದಲು ರಕ್ತಪರೀಕ್ಷೆ, ಆಮೇಲೆ ಔಷಧಿಯ ಮಾತು

ದಾವಣಗೆರೆ, ಹರಿಹರದ ಕಡೆ ಯಾರದಾದರೂ ಕಣ್ಣು ಹಳದಿಯಾಗಿ, ಮೂತ್ರ ಕಡಕ್ ಚಹಾದ ಬಣ್ಣಕ್ಕೆ ತಿರುಗಿದರೆ ಮನೆಯಲ್ಲಿ ಏಳುವ ಮಾತು ಒಂದೇ: 'ಕಾಮಣಿ ಆಗೈತಿ, ಇದಕ್ಕೆ ಇಂಗ್ಲಿಷ್ ಔಷಧಿ ಇಲ್ಲ, ನಾಟಿ ಔಷಧಿ ಕೊಡಿಸ್ರಿ.' ನಾಟಿ ಔಷಧಿ ಸರಿಯೋ ತಪ್ಪೋ ಎಂಬ ವಾದ ಹಳೆಯದು. ಆ ವಾದದ ನಡುವೆ ಪರೀಕ್ಷೆಯೇ ಒಂದು ವಾರ ಮುಂದಕ್ಕೆ ಹೋಗುತ್ತದೆ. ಅಪಾಯವಿರುವುದು ಅಲ್ಲೇ.

ನಾಟಿ ಪರವಾದ ಮಾತಿನಲ್ಲಿ ಅರ್ಧ ಸತ್ಯವಿದೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತವೆ. ಆ ವಾರಗಳಲ್ಲಿ ಕುಡಿದದ್ದಕ್ಕೆಲ್ಲ ಕೀರ್ತಿ ಬರುತ್ತದೆ. ನಾಟಿ ಔಷಧಿಯಲ್ಲಿ ಬಳಸುವ ನೆಲನೆಲ್ಲಿಯನ್ನು ವಿಜ್ಞಾನಿಗಳು ಕಡೆಗಣಿಸಿದ್ದಾರೆ ಎಂಬ ದೂರು ಸರಿಯಲ್ಲ. ಮದ್ರಾಸಿನ ಸಂಶೋಧಕರು ನೊಬೆಲ್ ಪುರಸ್ಕೃತ ಬ್ಲೂಮ್‌ಬರ್ಗ್ ಜೊತೆಗೂಡಿ 1988ರಲ್ಲಿ 'ಲ್ಯಾನ್ಸೆಟ್'ನಲ್ಲಿ ವರದಿ ಪ್ರಕಟಿಸಿದರು. ನೆಲನೆಲ್ಲಿ ಸೇವಿಸಿದ ಹೆಪಟೈಟಿಸ್ ಬಿ ವಾಹಕರಲ್ಲಿ ಶೇ 59 ಮಂದಿಯ ರಕ್ತದಲ್ಲಿ ವೈರಾಣುವಿನ ಗುರುತು ಇಲ್ಲವಾಯಿತು ಎಂದಿತು ಆ ವರದಿ. ಮುಂದಿನ ಅಧ್ಯಯನಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ.

ಅದೂ ಒಂದು ವೈರಾಣುವಿನ ಕಥೆ ಮಾತ್ರ. ಕಾಮಾಲೆ ಒಂದೇ ಕಾಯಿಲೆಯಲ್ಲ. ಪ್ರತಿ ಡೆಸಿಲೀಟರ್ ರಕ್ತದಲ್ಲಿ 1 ಮಿಲಿಗ್ರಾಂ ಆಸುಪಾಸಿನಲ್ಲಿರಬೇಕಾದ ಬಿಲಿರುಬಿನ್ 3ರ ಹತ್ತಿರ ಬಂದಾಗ ಕಣ್ಣಿನ ಬಿಳಿಭಾಗ ಹಳದಿಯಾಗಿ ಕಾಣುತ್ತದೆ. ಯಕೃತ್ತು ಸಂಸ್ಕರಿಸಿದ ಬಿಲಿರುಬಿನ್ ಕರುಳಿಗೆ ಇಳಿಯದೆ ರಕ್ತಕ್ಕೆ ಮರಳಿದರೆ ಮೂತ್ರ ಕಪ್ಪಾಗುತ್ತದೆ. ಬೇಸಿಗೆಯಲ್ಲಿ ನೀರು ಸಾಲದೆಯೂ ಮೂತ್ರ ಗಾಢವಾಗುವುದುಂಟು, ಆದರೆ ಆಗ ಕಣ್ಣು ಹಳದಿಯಾಗದು. ಎರಡೂ ಜೊತೆಗಿದ್ದರೆ ಕಾರಣ ಹೆಚ್ಚಾಗಿ ಯಕೃತ್ತಿನಲ್ಲೋ ಪಿತ್ತನಾಳದಲ್ಲೋ ಇರುತ್ತದೆ. ಮಲ ಬಿಳಿಚಿ ಚಳಿಜ್ವರವೂ ಇದ್ದರೆ ನಾಳದಲ್ಲಿ ಕಲ್ಲು ಸಿಕ್ಕಿ ಸೋಂಕಾಗಿರಬಹುದು. ಭದ್ರಾ ನಾಲೆಯ ಗದ್ದೆಯಲ್ಲಿ ಭತ್ತ ನಾಟಿ ಮಾಡಿದವರಿಗೆ ಜ್ವರ, ಮೀನಖಂಡದ ನೋವಿನ ಬೆನ್ನಿಗೆ ಕಣ್ಣು ಹಳದಿಯಾದರೆ ಅದು ಇಲಿಜ್ವರವೂ ಆಗಿರಬಹುದು. ಅದಕ್ಕೆ ಆಂಟಿಬಯೋಟಿಕ್ ಬೇಕು, ತಡವಾದರೆ ಮೂತ್ರಪಿಂಡಕ್ಕೆ ಪೆಟ್ಟು. ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಹೆಪಟೈಟಿಸ್ ಇ ತಗುಲಿದರೆ ಪ್ರಾಣಕ್ಕೇ ಸಂಚಕಾರ. ಇವನ್ನೆಲ್ಲ ಕಣ್ಣು ನೋಡಿ ಬೇರ್ಪಡಿಸಲು ಯಾವ ವೈದ್ಯರಿಗೂ ಆಗದು.

ಇನ್ನೊಂದು ತಪ್ಪು, 'ಎಷ್ಟು ಪಾಯಿಂಟ್ ಐತಿ' ಎಂದು ಬಿಲಿರುಬಿನ್ ಒಂದನ್ನೇ ಕೇಳುವುದು. ಯಕೃತ್ತಿನ ಶಕ್ತಿ ಎಷ್ಟು ಉಳಿದಿದೆ ಎಂದು ತಿಳಿಸುವುದು ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಪಿಟಿ-ಐಎನ್‌ಆರ್. ಐಎನ್‌ಆರ್ 1.5 ದಾಟಿ, ರೋಗಿ ಮಂಕಾಗಿ ಹಗಲು ನಿದ್ದೆ ಮಾಡಿ ರಾತ್ರಿ ಎಚ್ಚರವಿದ್ದರೆ, ಅಸಂಬದ್ಧ ಮಾತಾಡಿದರೆ, ಅದು ತುರ್ತುಸ್ಥಿತಿ. ಅದನ್ನು ಸುಸ್ತು ಎಂದುಕೊಂಡು ಪಥ್ಯದ ಗಂಜಿ ಕುಡಿಸುತ್ತ ಕೂರುವ ಮನೆಯಲ್ಲಿ ಜೀವವೇ ಹೋಗಬಹುದು.

ನಾಟಿ ಔಷಧಿಯ ಮೇಲೆ ನಂಬಿಕೆಯಿದ್ದವರೂ ಮೊದಲು ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಹರಿಹರದ ತಾಲ್ಲೂಕು ಆಸ್ಪತ್ರೆಗೋ ಹೋಗಿ ರಕ್ತ ಕೊಡಲಿ. ಬಣ್ಣ ಕಂಡ ದಿನವೇ ಹೋಗಲಿ. ತಾವು ನುಂಗಿದ ಬೇರು, ಮಾತ್ರೆ, ಕಷಾಯ ಯಾವುದನ್ನೂ ವೈದ್ಯರಿಂದ ಮುಚ್ಚಿಡದಿರಲಿ.